ಫ್ಯಾಮಿಲಿ ಕ್ಯಾಲೆಂಡರ್: ಬಣ್ಣ ಒಬ್ಬೊಬ್ರಿಗೆ ಒಂದೊಂದು ಥರ, ಮಗಳು ಹಾಕಿದ್ದು ಯಾರೂ ಒಪ್ಪದೇ ಫಿಕ್ಸ್ ಆಗ್ಬಿಡುತ್ತೆ

ಶಿವಮೊಗ್ಗ_ಅಪ್ಪ
ಎಲ್ರಿಗೂ ನಮಸ್ಕಾರ. ನಾನು, ಹೆಂಡ್ತಿ, ಸೆಕೆಂಡ್ ಪಿಯು ಓದ್ತಿರೋ ಮಗಳು ಮೂರೂ ಜನ ಗೂಗಲ್ ಕ್ಯಾಲೆಂಡರ್ ಬಳಸ್ತೀವಿ, ಫ್ಯಾಮಿಲಿ ಗ್ರೂಪ್ ಮಾಡಿದಾಗ ತಾನಾಗೇ ಬರುತ್ತಲ್ಲ `Family` ಅಂತ, ಅದೇ. ಮನೇಲಿ ರೂಲ್ ಏನಂದ್ರೆ ಯಾರು ಬೇಕಾದ್ರೂ ಹಾಕ್ಬೋದು ಆದ್ರೆ ನಾನೋ ಹೆಂಡ್ತಿನೋ ಓಕೆ ಅನ್ನೋವರೆಗೂ ಅದು ಫಿಕ್ಸ್ ಅಲ್ಲ. ಇದು ಬಾಯಿಮಾತಲ್ಲೇ ಇದೆ, ಆಪ್‌ಗೆ ಏನ್ ಗೊತ್ತು.

ಮೊನ್ನೆ ಶನಿವಾರ ಬೆಳಿಗ್ಗೆ 10ಕ್ಕೆ ಮಗಳು ಟ್ಯೂಷನ್ ಎಕ್ಸ್‌ಟ್ರಾ ಕ್ಲಾಸ್ ಹಾಕಿದ್ಳು, ಅದೇ ಹೊತ್ತಿಗೆ ತೀರ್ಥಹಳ್ಳಿಗೆ ನಾದಿನಿ ಸೀಮಂತಕ್ಕೆ ಹೊರಡೋದು ಅಂತ ಹೆಂಡ್ತಿ ಹಾಕಿದ್ಳಂತೆ, ಅದು ನನ್ ಫೋನಲ್ಲಿ ಕಾಣ್ಲೇ ಇಲ್ಲ. ಇರೋದು ಒಂದೇ ಕಾರು. ಇನ್ನೊಂದು, ನಾನು `Family`ಗೆ ಹಸಿರು ಕೊಟ್ಟಿದೀನಿ, ಅವಳ ಐಫೋನಲ್ಲಿ ನೇರಳೆ, ಮಗಳ ಹತ್ರ ಕಿತ್ತಳೆ. "ಹಸಿರು ನೋಡು" ಅಂದ್ರೆ ಯಾರಿಗೂ ಅರ್ಥ ಆಗಲ್ಲ. ಎಲ್ರಿಗೂ ಒಂದೇ ಬಣ್ಣ ಬರ್ಸೋದು ಹೇಗೆ, ಒಪ್ಪಿಗೆ ಆಗದೇ ಇರೋದನ್ನ ಬೇರೆ ಮಾಡೋದು ಹೇಗೆ?

ಕೋಡ್_ಬಸವ
ಸಿಂಪಲ್ ಗುರು. ಮಗಳು ಇವೆಂಟ್ ಹಾಕೋವಾಗ ನಿಮ್ಮಿಬ್ರನ್ನೂ ಗೆಸ್ಟ್ ಅಂತ ಸೇರಿಸ್ಲಿ, ಇನ್ವೈಟ್ ಬರುತ್ತೆ, `Yes` ಒತ್ತಿ. ಅಷ್ಟೇ ಕನ್ಫರ್ಮೇಷನ್. ಬೇರೇನೂ ತಲೆ ಕೆಡಿಸ್ಕೋಬೇಡಿ.

ಪಾಟೀಲ_ಅಕ್ಕ
ನಮ್ಮನ್ಯಾಗೂ ಇದೇ ಗೋಳ್ರೀ. ಮಾವನವರ ಶ್ರಾದ್ಧ ವರ್ಷಾ ವರ್ಷಾ ಬರ್ಲಿ ಅಂತ ರಿಪೀಟ್ ಹಾಕಿದ್ವಿ, ಅದು ಅದೇ ತಾರೀಖಿಗೆ ಬಂತು, ತಿಥಿ ನೋಡಿದ್ರ ಬ್ಯಾರೆ ದಿನ. ಪಂಚಾಂಗ ನೋಡಿ ಪ್ರತಿ ವರ್ಷ ಹೊಸದಾಗೇ ಹಾಕ್ಬೇಕಾಗ್ತದ. ನಿಮ್ದೂ ಹಂಗ ರಿಪೀಟ್ ಸಮಸ್ಯಾನೇ ಇರ್ಬೇಕು ನೋಡ್ರಿ.

ಮೈಸೂರು_ತಿಂಡಿ
ಪಾಟೀಲ ಅಕ್ಕ, ತಿಥಿ ವಿಷ್ಯ ನಿಜ, ಆದ್ರೆ ಅವರ ಸಮಸ್ಯೆ ಅದಲ್ಲ.

ಶಿವಮೊಗ್ಗ ಸರ್, ಮೊದ್ಲು ಒಂದು ನೋಡಿ ಹೇಳಿ. ಮೇಡಂ ಫೋನಲ್ಲಿ ಆ ಸೀಮಂತದ ಇವೆಂಟ್ ತೆಗೆದ್ರೆ ಕೆಳಗೆ ಯಾವ ಕ್ಯಾಲೆಂಡರ್ ಹೆಸರು ಇದೆ? `Family` ಇದೆಯಾ ಅಥವಾ ಅವರ ಮೇಲ್ ಐಡಿ, ಐಕ್ಲೌಡ್, ಹೀಗೇನಾದ್ರೂ? ಎರಡನೇದಾದ್ರೆ ಅವರು ಆ ಕ್ಯಾಲೆಂಡರನ್ನ ಶೇರ್ ಮಾಡದ ಹೊರತು ನಿಮಗೆ ಕಾಣಲ್ಲ. ಬಣ್ಣ, ಒಪ್ಪಿಗೆ ಎಲ್ಲಾ ಆಮೇಲೆ.

ಶಿವಮೊಗ್ಗ_ಅಪ್ಪ
ನೋಡಿದೆ ಸರ್. `Home` ಅಂತ ಇದೆ. ಅದು ಐಕ್ಲೌಡ್‌ದಂತೆ, ಮಗಳು ಹೇಳಿದ್ಳು.

ಮೈಸೂರು_ತಿಂಡಿ
ಅಲ್ಲೇ ಇದೆ ನೋಡಿ. ಐಫೋನ್ ಕ್ಯಾಲೆಂಡರ್ ಆಪಲ್ಲಿ ಹೊಸದು ಹಾಕಿದ್ರೆ ಅದರ `Default Calendar` ಯಾವ್ದಿದೆಯೋ ಅದಕ್ಕೇ ಹೋಗುತ್ತೆ, ಸೆಟಿಂಗ್ಸ್‌ನಲ್ಲಿ ಕ್ಯಾಲೆಂಡರ್ ಒಳಗೆ ಬದಲಾಯಿಸ್ಬೋದು, ಹೊಸ ಐಓಎಸ್ ಆದ್ರೆ ಆ ಕ್ಯಾಲೆಂಡರ್ `Apps` ಒಳಗಿರುತ್ತೆ. ಆಂಡ್ರಾಯ್ಡ್‌ನಲ್ಲೂ ಫೋನ್ ಜೊತೆ ಬಂದಿರೋ ಕ್ಯಾಲೆಂಡರ್ ಆಪ್ ಬಳಸ್ತಿದ್ರೆ ಕೆಲವು ಸಲ ಫೋನಲ್ಲೇ ಉಳಿದುಬಿಡುತ್ತೆ, ಗೂಗಲ್‌ಗೆ ಹೋಗೋದೇ ಇಲ್ಲ.

ಇನ್ನು ಬಣ್ಣ. ಇಡೀ ಕ್ಯಾಲೆಂಡರ್‌ಗೆ ಕೊಡೋ ಬಣ್ಣ ಕೊಟ್ಟೋರ ಅಕೌಂಟಿಗೆ ಮಾತ್ರ, ಬೇರೆಯವರಿಗೆ ಹೋಗಲ್ಲ. ಅದು ಕೆಟ್ಟಿರೋದಲ್ಲ, ಇರೋದೇ ಹಾಗೆ. ಮೂರೂ ಜನ ಕೂತು ತಂತಮ್ಮ ಕಡೆ ಒಂದೇ ಬಣ್ಣ ಆರಿಸ್ಕೋಬೇಕು. ಹಂಗಾಗಿ ಬಣ್ಣವನ್ನ "ಯಾರದ್ದು" ಅನ್ನೋಕೆ ಬಳಸ್ಬೇಡಿ, "ಫಿಕ್ಸ್ ಆಗಿದ್ಯಾ ಇಲ್ವಾ" ಅನ್ನೋಕೆ ಬಳಸಿ. ಎರಡೇ ಬಣ್ಣ ಸಾಕು. ಯಾರದ್ದು ಅಂತ ಶೀರ್ಷಿಕೆಲೇ ಮುಂದೆ ಬರೆದುಬಿಡಿ, "ಪುಟ್ಟಿ: ಟ್ಯೂಷನ್, ಕಾರು ಬೇಕು" ಅಂತ. ಹುಡುಕೋಕೂ ಸಿಗುತ್ತೆ.

ಬಸವ ಹೇಳಿದ ಗೆಸ್ಟ್ ವಿಷ್ಯ ಅರ್ಧ ಸರಿ. ನೀವು `Yes` ಒತ್ತಿದ್ರೆ "ನಾನು ಬರ್ತೀನಿ" ಅಂತ ಅರ್ಥ, "ಇದು ನಡೀಲಿ" ಅಂತ ಅಲ್ಲ. ಒತ್ತದೇ ಇದ್ರೂ ಮಗಳ ಕ್ಯಾಲೆಂಡರಲ್ಲಿ ಅದು ಹಾಗೇ ಕೂತಿರುತ್ತೆ. ಮೇಲಾಗಿ ಶೇರ್ಡ್ ಕ್ಯಾಲೆಂಡರಲ್ಲೂ ಇದ್ದು ಗೆಸ್ಟ್ ಕೂಡ ಆದ್ರೆ ಐಫೋನ್ ಆಪಲ್ಲಿ ಒಂದೇ ಇವೆಂಟ್ ಎರಡೆರಡು ಸಲ ಕಾಣುತ್ತೆ.

`Family`ಯಲ್ಲಿ ಗ್ರೂಪಲ್ಲಿರೋ ಎಲ್ರೂ ಎಲ್ಲಾನೂ ತಿದ್ದಬಹುದು, ಅಳಿಸ್ಬಹುದು, ಒಬ್ಬರಿಗೆ ಮಾತ್ರ ಕಡಿಮೆ ಅಧಿಕಾರ ಕೊಡೋಕಾಗಲ್ಲ. ಅದನ್ನ ಬಿಟ್ಟು ಕಂಪ್ಯೂಟರಲ್ಲಿ calendar.google.com ತೆಗೆದು ಎಡಗಡೆ `Other calendars` ಪಕ್ಕದ ಪ್ಲಸ್ ಒತ್ತಿ ಎರಡು ಹೊಸ ಕ್ಯಾಲೆಂಡರ್ ಮಾಡಿ, "ಕೇಳಿದ್ದು" ಮತ್ತೆ "ಫಿಕ್ಸ್". ಇಬ್ರಿಗೂ ಶೇರ್ ಮಾಡಿ, ಮೇಲ್‌ಗೆ ಹೋಗೋ ಲಿಂಕ್ ಅವರು ಒತ್ತಬೇಕು. ಮೇಡಂಗೆ ಎರಡಕ್ಕೂ `Make changes to events`, ಮಗಳಿಗೆ "ಕೇಳಿದ್ದು"ಗೆ ಅದೇ, "ಫಿಕ್ಸ್"ಗೆ `See all event details` ಮಾತ್ರ. ಈಗ ಅವಳು ಬೇಕಂದ್ರೂ ಫಿಕ್ಸ್‌ಗೆ ಹಾಕೋಕಾಗಲ್ಲ.

ಶನಿವಾರದ್ದನ್ನೇ ತಗೊಳ್ಳಿ. ಮಗಳು ಟ್ಯೂಷನ್ ಹಾಕ್ತಾಳೆ, "ಕೇಳಿದ್ದು"ನಲ್ಲಿ ಬೂದು ಬಣ್ಣ. ಮೇಡಂದು ಸೀಮಂತ, ಅದೂ ಬೂದು. ಎರಡರಲ್ಲೂ "ಕಾರು ಬೇಕು" ಅಂತ ಇದೆ, ಒಂದೇ ಹೊತ್ತು. ನೀವು ಸೀಮಂತ ತೆಗೆದು ಎಡಿಟ್ ಒಳಗೆ ಕ್ಯಾಲೆಂಡರ್ ಹೆಸರು ಇರೋ ಕಡೆ "ಫಿಕ್ಸ್" ಆರಿಸಿ ಸೇವ್ ಮಾಡ್ತೀರಿ, ಹಸಿರಾಗುತ್ತೆ. ಟ್ಯೂಷನ್ ಬೂದಲ್ಲೇ ಉಳಿಯುತ್ತೆ, ಅವಳು ಆಟೋ ನೋಡ್ಕೋಬೇಕು ಅಥವಾ ಮೇಷ್ಟ್ರನ್ನ ಕೇಳ್ಬೇಕು. ಬೂದು ಬಂದಿದ್ದು ನಿಮಗೆ ಗೊತ್ತಾಗೋಕೆ "ಕೇಳಿದ್ದು" ಸೆಟಿಂಗ್ಸಲ್ಲಿ `Other notifications` ಒಳಗೆ `New events`ಗೆ `Email` ಇಡಿ. ಇದನ್ನೂ ಮೇಡಂ ಬೇರೆಯಾಗಿ ತಮ್ಮ ಅಕೌಂಟಲ್ಲೇ ಇಡ್ಬೇಕು.

ಕೋಡ್_ಬಸವ
ಒಪ್ದೆ ಬಿಡಿ. ಆದ್ರೆ ಒಂದೊಂದು ಇವೆಂಟ್‌ಗೆ ಬೇರೆ ಬಣ್ಣ ಕೊಡ್ಬೋದಲ್ಲ, ಅದು ಎಲ್ರಿಗೂ ಕಾಣುತ್ತೆ. ನಮ್ಮನೇಲಿ ಕಾಣುತ್ತೆ.

ಮೈಸೂರು_ತಿಂಡಿ
ನಿಮ್ಮನೇಲಿ ಎಲ್ರಿಗೂ ತಿದ್ದೋ ಅಧಿಕಾರ ಇರ್ಬೇಕು, ಎಲ್ರದ್ದೂ ಗೂಗಲ್ ಆಪೇ ಇರ್ಬೇಕು. ಐಫೋನಿನ ಸ್ವಂತ ಆಪ್ ಆ ಬಣ್ಣ ತೋರ್ಸಲ್ಲ, ಕ್ಯಾಲೆಂಡರ್ ಬಣ್ಣ ಒಂದೇ ತೋರ್ಸುತ್ತೆ. ಅದರ ಮೇಲೆ ರೂಲ್ ಕಟ್ಟೋದು ನನಗಂತೂ ಇಷ್ಟ ಇಲ್ಲ.

ಶಿವಮೊಗ್ಗ_ಅಪ್ಪ
ಮಾಡಿದೆ ಸರ್. ಹೆಂಡ್ತಿ ಐಫೋನಲ್ಲಿ ಎರಡೂ ಹೊಸ ಕ್ಯಾಲೆಂಡರ್ ಬರ್ತಾನೇ ಇಲ್ಲ. ಲಿಂಕ್ ಒತ್ತಿದಾಳೆ, ಬ್ರೌಸರಲ್ಲಿ ಕಾಣ್ತಿದೆ.

ಮೈಸೂರು_ತಿಂಡಿ
ಐಫೋನಲ್ಲಿ ಗೂಗಲ್ ಅಕೌಂಟ್ ಸೇರ್ಸಿದ್ರೂ ಶೇರ್ಡ್ ಕ್ಯಾಲೆಂಡರ್ ತಾನಾಗಿ ಬರಲ್ಲ. ಅವರ ಅಕೌಂಟಲ್ಲಿ ಲಾಗಿನ್ ಆಗಿ ಈ ಪುಟದಲ್ಲಿ ಎರಡಕ್ಕೂ ಟಿಕ್ ಹಾಕಿ ಸೇವ್ ಮಾಡಿ, ಸ್ವಲ್ಪ ಹೊತ್ತು ಬಿಡಿ:

```
https://calendar.google.com/calendar/syncselect
```

ಬಂದ್ಮೇಲೆ `Default Calendar` "ಕೇಳಿದ್ದು" ಅಂತ ಇಟ್ಬಿಡಿ.

ಶಿವಮೊಗ್ಗ_ಅಪ್ಪ
ಬಂತು ಬಂತು. ಬೂದು, ಹಸಿರು ಮೂರೂ ಫೋನಲ್ಲಿ ಒಂದೇ ಥರ ಇದೆ ಈಗ. ಮಗಳು "ನಂದು ಮಾತ್ರ ಯಾಕೆ ಪರ್ಮಿಷನ್" ಅಂತ ಮುಖ ಊದಿಸ್ಕೊಂಡಿದಾಳೆ, ಅವಳ ಮಾತೂ ಸುಳ್ಳಲ್ಲ. ನಮ್ಮದೂ ಮೊದಲು "ಕೇಳಿದ್ದು"ಗೇ ಹೋಗ್ಬೇಕು, ಒಬ್ರದ್ದನ್ನ ಇನ್ನೊಬ್ರೇ ಫಿಕ್ಸ್ ಮಾಡ್ಬೇಕು ಅಂತ ಮಾಡ್ಕೊಂಡ್ವಿ. ಆಪ್ ಅದನ್ನ ತಡಿಯಲ್ಲ, ನಾವೇ ನೋಡ್ಕೋಬೇಕು.

ಇನ್ನೊಂದು ತಕರಾರು. ಟ್ಯೂಷನ್ ವಾರಾ ವಾರಾ ರಿಪೀಟ್ ಇರೋದು. ಈ ವಾರದ್ದೊಂದು ಮಾತ್ರ ಫಿಕ್ಸ್‌ಗೆ ಕಳ್ಸೋಣ ಅಂತ ಹೋದ್ರೆ ಇಡೀ ಸಾಲೇ ಹೋಗ್ಬಿಡ್ತು.

ಮೈಸೂರು_ತಿಂಡಿ
ಹೌದು, ರಿಪೀಟ್ ಇರೋದನ್ನ ಸಾಲು ಸಾಲಾಗೇ ಕಳಿಸ್ಬೇಕು, ಒಂದೇ ದಿನದ್ದು ಬಿಡಿಸಿ ಕಳಿಸೋಕಾಗಲ್ಲ. ನಾನಾದ್ರೆ ಖಾಯಂ ಟ್ಯೂಷನ್ ಸಾಲನ್ನ ಫಿಕ್ಸಲ್ಲೇ ಇಟ್ಟು, ಎಕ್ಸ್‌ಟ್ರಾ ಕ್ಲಾಸ್ ಬಂದಾಗ ಮಾತ್ರ ಅವಳು "ಕೇಳಿದ್ದು"ನಲ್ಲಿ ಬಿಡಿಯಾಗಿ ಹಾಕ್ಲಿ ಅಂತೀನಿ.

ಪಾಟೀಲ_ಅಕ್ಕ
ಹಂಗಾರ ನಮ್ಮತ್ತಿ ಗೋಡೆ ಕ್ಯಾಲೆಂಡರ್ ಬಿಟ್ಟು ಏನೂ ನೋಡಂಗಿಲ್ರೀ, ಫೋನೂ ಇಲ್ಲ. ಅವರು ಒಪ್ಪಿದ್ದು ಯಾರು ಹಾಕ್ಬೇಕು ಫಿಕ್ಸ್‌ಗೆ?

ಶಿವಮೊಗ್ಗ_ಅಪ್ಪ
ಅಕ್ಕ, ಅದಕ್ಕೆ ನನ್ ಹತ್ರಾನೂ ಉತ್ತರ ಇಲ್ಲ. ಯಾರಾದ್ರೂ ಭಾನುವಾರ ಸಂಜೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತಿದ್ರೆ ಹೇಗೆ ಮಾಡ್ತೀರ ಹೇಳಿ, ನಾನು ತೆಗೆದ್ರೆ ಕನ್ನಡ ಅಕ್ಷರ ಇರುವೆ ಸೈಜಲ್ಲಿ ಬರ್ತಿದೆ.