ವಿದೇಶಿ ಇನ್‌ವಾಯ್ಸ್‌ನಲ್ಲಿ 6,000 ಎಂದಿದ್ದರೆ ಆರೋ, ಆರು ಸಾವಿರವೋ?

ಕೂಡಿಗೆ ಸಮೀಪದ ಕಾಫಿ ಹುರಿಯುವ ಘಟಕದ ಲೆಕ್ಕಪತ್ರ ನೋಡುವವರ ಪ್ರಶ್ನೆ

ನಮ್ಮ ರೋಸ್ಟರ್ ಯಂತ್ರದ ಬಿಡಿಭಾಗಗಳು ಜರ್ಮನಿಯಿಂದ ಬಂದಿವೆ. ಇನ್‌ವಾಯ್ಸ್‌ನಲ್ಲಿ ಪ್ರಮಾಣ, ದರ, ಮೊತ್ತ ಹೀಗಿವೆ:

ಸೀಲ್: 6,000 – 12,50 – 75,00
ಗ್ರೀಸ್ (ಕೆ.ಜಿ.): 2,500 – 18,40 – 46,00
ಮೋಟಾರ್: 2,000 – 1.140,00 – 2.280,00
ಒಟ್ಟು ಯೂರೋ: 2.401,00

ಸೀಲ್ ಕೇಳಿದ್ದು ಆರು ಮಾತ್ರ. ಎಕ್ಸೆಲ್‌ಗೆ ಹಾಕಿದರೆ ಮೊತ್ತ ತಾಳೆಯಾಗುತ್ತಿಲ್ಲ. ಇಂಥ ಇನ್‌ವಾಯ್ಸ್‌ಗಳನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.

ಮಡಿಕೇರಿಯ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು

ಇದು 2003ರಲ್ಲಿಯೇ ಇತ್ಯರ್ಥವಾದ ವಿಷಯ. ಅಳತೆ ಮತ್ತು ತೂಕಗಳ ಅಂತರರಾಷ್ಟ್ರೀಯ ಮಹಾಸಭೆಯು ಆ ವರ್ಷ ಕೈಗೊಂಡ ನಿರ್ಣಯದ ಪ್ರಕಾರ, ದೊಡ್ಡ ಸಂಖ್ಯೆಗಳನ್ನು ಮೂರು ಮೂರು ಅಂಕೆಗಳಾಗಿ ವಿಂಗಡಿಸುವಾಗ ನಡುವೆ ಖಾಲಿ ಜಾಗ ಬಿಡಬಹುದೇ ಹೊರತು ಅಲ್ಲಿ ಚುಕ್ಕಿಯನ್ನಾಗಲಿ ಅಲ್ಪವಿರಾಮವನ್ನಾಗಲಿ ಹಾಕಬಾರದು. ಹಾಗಾಗಿ 2.280,00 ಎಂದು ಮುದ್ರಿಸಿರುವುದು ಸರಬರಾಜುದಾರರ ತಪ್ಪು. ಬೇರೆ ಇನ್‌ವಾಯ್ಸ್ ಕಳುಹಿಸುವಂತೆ ಅವರಿಗೆ ಬರೆಯಿರಿ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕಿಗರು

ಉಪನ್ಯಾಸಕರು ಹೇಳಿದ ನಿರ್ಣಯವಿರುವುದು ನಿಜ. ಆದರೆ ದಶಮಾಂಶಕ್ಕೆ ಚುಕ್ಕಿಯೂ ಸರಿ, ಅಲ್ಪವಿರಾಮವೂ ಸರಿ ಎಂದು ಅದೇ ನಿರ್ಣಯ ಹೇಳುತ್ತದೆ, ಮತ್ತು ವ್ಯಾಪಾರದ ಕಾಗದಗಳಲ್ಲಿ ಅದನ್ನು ಯಾರೂ ಪಾಲಿಸುವುದಿಲ್ಲ. ನಾವೂ 1,25,000 ಎಂದೇ ಬರೆಯುತ್ತೇವೆ. ಜರ್ಮನಿಯವರು ತಮ್ಮ ದೇಶದ ರೂಢಿಯಂತೆ ಬರೆದಿದ್ದಾರೆ, ಅಷ್ಟೆ. ಅದಕ್ಕಾಗಿ ಬೇರೆ ಇನ್‌ವಾಯ್ಸ್ ಕೇಳುತ್ತ ಕುಳಿತರೆ ಸರಕು ಕಸ್ಟಮ್ಸ್‌ನಲ್ಲಿ ನಿಂತು ಬಾಡಿಗೆ ಏರುತ್ತದೆ.

ಜನ ಸಾಮಾನ್ಯವಾಗಿ ಮೊತ್ತದ ಅಂಕಣವನ್ನು ನೋಡಿ ಗಾಬರಿಯಾಗುತ್ತಾರೆ, ಆದರೆ ಅಪಾಯವಿರುವುದು ಪ್ರಮಾಣದ ಅಂಕಣದಲ್ಲಿ. 2.280,00 ಎಂಬಲ್ಲಿ ಎರಡು ಬೇರೆ ಬೇರೆ ಚಿಹ್ನೆಗಳಿವೆ. ಅಂಥ ಕಡೆ ಕೊನೆಯದೇ ದಶಮಾಂಶದ ಚಿಹ್ನೆಯಾದ್ದರಿಂದ ಸಂಶಯಕ್ಕೆ ಎಡೆಯಿಲ್ಲ. 12,50 ಎಂಬಲ್ಲಿ ಚಿಹ್ನೆಯ ನಂತರ ಎರಡೇ ಅಂಕೆಗಳಿರುವುದರಿಂದ ಅದನ್ನೂ ಬೇರೆ ರೀತಿ ಓದಲಾಗದು. ಆದರೆ 6,000 ಎಂಬಲ್ಲಿ ಒಂದೇ ಚಿಹ್ನೆ, ಅದರ ನಂತರ ಸರಿಯಾಗಿ ಮೂರು ಅಂಕೆಗಳು. ಎರಡು ಓದಿಗೂ ಒಗ್ಗುವ ರೂಪ ಇದೊಂದೇ. ಸರಬರಾಜುದಾರರ ತಂತ್ರಾಂಶದಲ್ಲಿ ಒಂದೇ ಅಂಕಣ ಬಿಡಿ ವಸ್ತುಗಳನ್ನೂ ಕೆ.ಜಿ.ಯನ್ನೂ ಲೀಟರನ್ನೂ ಹೊರಬೇಕಾಗಿರುವುದರಿಂದ, ಆರು ಸೀಲ್‌ಗಳಿಗೂ ಎರಡೂವರೆ ಕೆ.ಜಿ. ಗ್ರೀಸ್‌ಗೂ ಮೂರು ದಶಮಾಂಶ ಸ್ಥಾನಗಳನ್ನು ಹಾಕಿಯೇ ಅದು ಮುದ್ರಿಸುತ್ತದೆ. ನಮ್ಮ ಊರಿನ ಎಲೆಕ್ಟ್ರಾನಿಕ್ ತಕ್ಕಡಿ 1.250 ಎಂದು ತೋರಿಸಿದಾಗ ಅದು ಒಂದೂಕಾಲು ಕೆ.ಜಿ. ಎಂದು ನಾವು ಅನುಮಾನವಿಲ್ಲದೆ ಓದುತ್ತೇವೆ. ಚುಕ್ಕಿಯ ಜಾಗಕ್ಕೆ ಅಲ್ಪವಿರಾಮ ಬಂದ ಕೂಡಲೇ ಸಾವಿರದ ಲೆಕ್ಕಕ್ಕೆ ಜಿಗಿಯುತ್ತೇವೆ.

ನಿಮ್ಮ ಇನ್‌ವಾಯ್ಸ್‌ನಲ್ಲಿ ಗುಣಾಕಾರವೇ ಉತ್ತರ ಕೊಡುತ್ತದೆ. ಆರು ಸೀಲ್‌ಗಳಿಗೆ ಹನ್ನೆರಡೂವರೆಯಂತೆ ಎಪ್ಪತ್ತೈದು ಯೂರೋ; ಆರು ಸಾವಿರ ಎಂದಾಗಿದ್ದರೆ ಎಪ್ಪತ್ತೈದು ಸಾವಿರವಾಗಬೇಕಿತ್ತು. ಗ್ರೀಸ್‌ಗೆ ಎರಡೂವರೆಯನ್ನು 18,40ರಿಂದ ಗುಣಿಸಿದರೆ ನಲವತ್ತಾರು. ಮೂರು ಸಾಲುಗಳನ್ನು ಕೂಡಿದರೆ ಎರಡು ಸಾವಿರದ ನಾನೂರ ಒಂದು ಯೂರೋ, ಅಂದರೆ ಕೆಳಗಿನ ಒಟ್ಟು ಮೊತ್ತಕ್ಕೂ ಸರಿಹೋಗುತ್ತದೆ.

ಎಕ್ಸೆಲ್‌ನ ತೊಂದರೆ ಬೇರೆಯೇ. ನಮ್ಮ ಕಂಪ್ಯೂಟರುಗಳು ಭಾರತದ ರೂಢಿಗೆ ಹೊಂದಿಸಿರುವುದರಿಂದ 6,000 ಎಂದು ಅಂಟಿಸಿದ ಕೂಡಲೇ ಅದು ಆರು ಸಾವಿರವಾಗಿಬಿಡುತ್ತದೆ, 2.280,00 ಎಂಬುದು ಸಂಖ್ಯೆಯಾಗಿ ಅರ್ಥವಾಗದೆ ಅಕ್ಷರವಾಗಿ ಉಳಿಯುತ್ತದೆ, ಮತ್ತು `SUM` ಅಂಥ ಕೋಶಗಳನ್ನು ಯಾವ ಎಚ್ಚರಿಕೆಯನ್ನೂ ಕೊಡದೆ ಬಿಟ್ಟು ಕೂಡಿಸುತ್ತದೆ. ಅಂಕಣದಲ್ಲಿ ಕೆಲವು ಅಂಕಿಗಳು ಎಡಕ್ಕೂ ಕೆಲವು ಬಲಕ್ಕೂ ಅಂಟಿಕೊಂಡಿದ್ದರೆ ಹೀಗಾಗಿದೆ ಎಂದು ತಿಳಿಯಬೇಕು. ಆದ್ದರಿಂದ ಅಂಟಿಸುವ ಮೊದಲೇ ಆ ಅಂಕಣಗಳನ್ನು `Text` ಎಂದು ಹೊಂದಿಸಿ, ಆಮೇಲೆ ಪಕ್ಕದ ಅಂಕಣದಲ್ಲಿ ಇದನ್ನು ಬರೆಯಿರಿ:

```
=NUMBERVALUE(C2,",",".")
```

ಮೊದಲನೆಯದು ದಶಮಾಂಶದ ಚಿಹ್ನೆ, ಎರಡನೆಯದು ಸಾವಿರಗಳನ್ನು ಬೇರ್ಪಡಿಸುವ ಚಿಹ್ನೆ. ಅಂಟಿಸಿದ ಮೇಲೆ `Text` ಮಾಡಿದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ 6,000 ಎಂಬುದು 6000 ಆಗಿರುತ್ತದೆ, ಅಲ್ಪವಿರಾಮ ಎಲ್ಲಿತ್ತು ಎಂಬ ಗುರುತೇ ಉಳಿದಿರುವುದಿಲ್ಲ. ಅಪ್ಪಿತಪ್ಪಿ ಇಂಗ್ಲಿಷ್ ರೂಢಿಯ 1,140.00 ಸಿಕ್ಕರೆ ಈ ಸೂತ್ರ `#VALUE!` ಎಂದು ತೋರಿಸುತ್ತದೆ, ಅದು ಒಳ್ಳೆಯದೇ. ಆದರೆ 1,140 ಎಂದಷ್ಟೇ ಇದ್ದರೆ ಸದ್ದಿಲ್ಲದೆ 1.14 ಮಾಡಿಬಿಡುತ್ತದೆ.

ಸೋಮವಾರಪೇಟೆಯ ಕಾಳುಮೆಣಸು ಬೆಳೆಗಾರರು

ನನ್ನದೂ ಇದೇ ಸಮಸ್ಯೆ. ಇಟಲಿಯ ಖರೀದಿದಾರರಿಗೆ ಮೆಣಸಿನ ಇನ್‌ವಾಯ್ಸ್‌ನಲ್ಲಿ 1,25,000.00 ರೂಪಾಯಿ ಎಂದು ಬರೆದಿದ್ದೆ. ಎರಡು ಅಲ್ಪವಿರಾಮಗಳಿರುವ ಈ ಸಂಖ್ಯೆ ಏನು, ಅಚ್ಚಿನ ತಪ್ಪೇ ಎಂದು ಅವರು ಕೇಳಿದರು. ನಮ್ಮ ಲಕ್ಷದ ಪದ್ಧತಿಯನ್ನು ಅವರಿಗೆ ತಿಳಿಸಿ ಹೇಳುವುದು ಹೇಗೆ?

ಕುಶಾಲನಗರದ ಲೆಕ್ಕಿಗರು

ಸರ್, ನೀವು ಕೇಳುತ್ತಿರುವುದು ನಾವು ಕಳುಹಿಸುವ ಇನ್‌ವಾಯ್ಸ್‌ನ ವಿಷಯ. ಲಕ್ಷದ ಪದ್ಧತಿಯನ್ನು ಅವರಿಗೆ ಕಲಿಸಲು ಹೋಗಬೇಡಿ. ವಿದೇಶಕ್ಕೆ ಹೋಗುವ ಕಾಗದದಲ್ಲಿ ಮೂರು ಮೂರು ಅಂಕೆಗಳಾಗಿಯೇ ವಿಂಗಡಿಸಿ, ಪೈಸೆಯ ಎರಡು ಸೊನ್ನೆಗಳನ್ನು ಬಿಡದೆ ಬರೆದು, ಕೆಳಗೆ ಮೊತ್ತವನ್ನು ಇಂಗ್ಲಿಷ್ ಪದಗಳಲ್ಲಿ ಬರೆಯಿರಿ. ಲಕ್ಷ ಎಂಬ ಪದ ಅಲ್ಲಿ ಬೇಡ.

ವಿರಾಜಪೇಟೆಯ ನಿವೃತ್ತ ಬ್ಯಾಂಕ್ ಅಧಿಕಾರಿ

ಒಂದು ಮಾತು ಸೇರಿಸುತ್ತೇನೆ. ಹಣ ಕಳುಹಿಸಿದ ಮೇಲೆ ಬ್ಯಾಂಕಿನಿಂದ ಸ್ವಿಫ್ಟ್ ಪ್ರತಿ ಕೇಳಿದರೆ, ಹಳೆಯ ಮಾದರಿಯ ಸಂದೇಶದಲ್ಲಿ ಮೊತ್ತದ ಸಾಲು ಹೀಗಿರುತ್ತದೆ:

```
:32A:250312EUR2401,
```

ಮೊದಲ ಆರು ಅಂಕೆಗಳು ವರ್ಷ, ತಿಂಗಳು, ದಿನ. ಕೊನೆಯ ಅಲ್ಪವಿರಾಮವನ್ನು ಕಂಡು ಏನೋ ಬಿಟ್ಟುಹೋಗಿದೆ ಎಂದು ಗ್ರಾಹಕರು ಕೌಂಟರಿಗೆ ಬರುತ್ತಿದ್ದರು. ಆ ಮಾದರಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮವೇ ಕಡ್ಡಾಯ. ಸೆಂಟ್ ಇಲ್ಲದಿದ್ದರೂ ಅದನ್ನು ಹಾಕಲೇಬೇಕು, ಮತ್ತು ಸಾವಿರಗಳ ನಡುವೆ ಯಾವ ಚಿಹ್ನೆಯೂ ಇರುವಂತಿಲ್ಲ. ಇನ್‌ವಾಯ್ಸ್‌ನ ಅಂಕಿಯ ಬಗ್ಗೆ ಸಂಶಯವಿದ್ದರೆ ನಿಜವಾಗಿ ಎಷ್ಟು ಹಣ ಹೋಗಿದೆ ಎಂಬುದಕ್ಕೆ ಈ ಸಾಲು ಒಳ್ಳೆಯ ಸಾಕ್ಷಿ. ಹಣ ಕಳುಹಿಸುವುದಕ್ಕೆ ಮೊದಲು ಮಾತ್ರ ಇದು ಉಪಯೋಗಕ್ಕೆ ಬಾರದು.

ಕೂಡಿಗೆಯ ಪ್ರಶ್ನಿಗರು

ಮೇಡಂ, ಸೂತ್ರ ಹಾಕಿದೆ, ಜರ್ಮನಿಯ ಇನ್‌ವಾಯ್ಸ್ ತಾಳೆಯಾಯಿತು. ಆದರೆ ಇಟಲಿಯಿಂದ ಬಂದ ಇನ್ನೊಂದರಲ್ಲಿ ಒಂದೇ ಸಾಲಿದೆ. ಕಂಟ್ರೋಲ್ ಬೋರ್ಡ್‌ನ ಪ್ರಮಾಣ 1,000, ದರ 1.184, ಮೊತ್ತ 1.184,00. ನಮ್ಮ ಹುಡುಗ ಇದನ್ನು ಸಾವಿರ ಬೋರ್ಡ್, ತಲಾ ಒಂದು ಯೂರೋ ಹದಿನೆಂಟು ಸೆಂಟ್ ಚಿಲ್ಲರೆ ಎಂದು ಓದಿ, ಗುಣಾಕಾರವೂ ಸರಿಬಂತು ಎನ್ನುತ್ತಿದ್ದಾನೆ.

ಕುಶಾಲನಗರದ ಲೆಕ್ಕಿಗರು

ಅವನು ಹೇಳಿದ ಗುಣಾಕಾರ ಸರಿಯಾಗಿಯೇ ಇದೆ, ನಾನು ಹೇಳಿದ ಪರೀಕ್ಷೆ ಸೋಲುವುದು ಇಲ್ಲಿಯೇ. ಒಂದು ಬೋರ್ಡ್‌ಗೆ ಸಾವಿರದ ನೂರ ಎಂಬತ್ತನಾಲ್ಕು ಯೂರೋ ಎಂದು ಓದಿದರೂ, ಸಾವಿರ ಬೋರ್ಡ್‌ಗಳಿಗೆ ತಲಾ 1.184 ಯೂರೋ ಎಂದು ಓದಿದರೂ ಬರುವ ಮೊತ್ತ ಒಂದೇ. ಪ್ರಮಾಣವನ್ನು ಸಾವಿರ ಪಟ್ಟು ಹೆಚ್ಚಿಸಿ, ದರವನ್ನು ಅಷ್ಟೇ ಪಟ್ಟು ಇಳಿಸಿದ್ದರಿಂದ ಎರಡು ತಪ್ಪುಗಳು ಪರಸ್ಪರ ವಜಾ ಆಗಿವೆ.

ಆದರೆ ಅವನ ಓದಿನಲ್ಲಿ ಒಂದು ಅಸಂಗತಿ ಇದೆ. ಮೊತ್ತದಲ್ಲಿ ಚುಕ್ಕಿಯನ್ನು ಸಾವಿರದ ಗುರುತಾಗಿಯೂ, ದರದಲ್ಲಿ ಅದೇ ಚುಕ್ಕಿಯನ್ನು ದಶಮಾಂಶವಾಗಿಯೂ ಓದಿದ್ದಾನೆ. ಒಂದೇ ಸಾಲಿನಲ್ಲಿ ಒಂದೇ ಚಿಹ್ನೆ ಎರಡು ಕೆಲಸ ಮಾಡುವುದು ತೀರ ಅಪರೂಪ. ಆದ್ದರಿಂದ ಕಾಗದದಲ್ಲಿ ಯಾವ ಸಂಖ್ಯೆ ಸಂಶಯಾತೀತವೋ ಅದನ್ನು ಮೊದಲು ಹಿಡಿದು, ಅದರಲ್ಲಿ ಚುಕ್ಕಿಗೆ ಇರುವ ಅರ್ಥವನ್ನೇ ಉಳಿದ ಕಡೆಗೂ ಅನ್ವಯಿಸಬೇಕು. ಇಲ್ಲಿ 1.184,00 ಅಂಥ ಸಂಖ್ಯೆ. ಅದು ಸಾಲದಿದ್ದರೆ ಖರೀದಿ ಆದೇಶವನ್ನೂ ಪ್ಯಾಕಿಂಗ್ ಲಿಸ್ಟ್‌ನ ಒಟ್ಟು ತೂಕವನ್ನೂ ನೋಡಿ. ಸಾವಿರ ಬೋರ್ಡ್‌ಗಳು ಒಂದು ಸಣ್ಣ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಕಳುಹಿಸಿದ ದೇಶದ ಹೆಸರೊಂದನ್ನೇ ನಂಬಬೇಡಿ. ಜರ್ಮನಿಯ ಕಂಪನಿಗಳೂ ಇಂಗ್ಲಿಷ್ ಇನ್‌ವಾಯ್ಸ್‌ನಲ್ಲಿ ಚುಕ್ಕಿಯನ್ನೇ ದಶಮಾಂಶಕ್ಕೆ ಬಳಸುವುದುಂಟು, ಸ್ವಿಟ್ಜರ್‌ಲೆಂಡ್‌ನವರು ಸಾವಿರದ ಜಾಗದಲ್ಲಿ ಮೇಲೆ ಒಂದು ಚಿಕ್ಕ ಗೆರೆ ಹಾಕಿ 1'184.00 ಎಂದು ಬರೆಯುತ್ತಾರೆ.

ಬಿಲ್ ಆಫ್ ಎಂಟ್ರಿಯ ಕರಡನ್ನು ಬ್ರೋಕರ್ ಕಳುಹಿಸಿದಾಗ ಪ್ರಮಾಣದ ಅಂಕಣವನ್ನು ನೀವೇ ಓದಿ. ಮೊತ್ತ ಸರಿಯಿದ್ದು ಪ್ರಮಾಣ ಮಾತ್ರ ಆರು ಸಾವಿರವಾದರೆ ಸುಂಕದಲ್ಲಿ ವ್ಯತ್ಯಾಸ ಬರುವುದಿಲ್ಲ, ಏಕೆಂದರೆ ಸುಂಕ ಬೀಳುವುದು ಮೌಲ್ಯದ ಮೇಲೆ. ಆದರೆ ಒಂದು ಸೀಲ್‌ನ ಬೆಲೆ ಒಂದೂಕಾಲು ಸೆಂಟ್ ಎಂದಾಗಿ, ಬೆಲೆ ಕಡಿಮೆ ತೋರಿಸಿದ್ದೀರಾ ಎಂಬ ಪ್ರಶ್ನೆ ಏಳಬಹುದು.

ಕೂಡಿಗೆಯ ಪ್ರಶ್ನಿಗರು

ಬೋರ್ಡ್ ಬಂದಿರುವುದು ಒಂದೇ. ಆದರೆ ಸೀಲ್‌ಗಳ ವಿಷಯದಲ್ಲಿ ನಿಮ್ಮ ಎಚ್ಚರಿಕೆ ತಡವಾಯಿತು; ಬಿಲ್ ಆಫ್ ಎಂಟ್ರಿಯಲ್ಲಿ ಆರು ಸಾವಿರ ಎಂದೇ ದಾಖಲಾಗಿ ಸರಕು ಹೊರಬಂದಿದೆ. ಸುಂಕ ಸರಿಯಾಗಿದೆಯಲ್ಲ, ಹಾಗೆಯೇ ಬಿಡಿ ಎನ್ನುತ್ತಾರೆ ಬ್ರೋಕರ್.

ವಿರಾಜಪೇಟೆಯ ನಿವೃತ್ತ ಬ್ಯಾಂಕ್ ಅಧಿಕಾರಿ

ಬ್ಯಾಂಕಿನ ದೃಷ್ಟಿಯಿಂದ ಬ್ರೋಕರ್ ಹೇಳುವುದರಲ್ಲಿ ಅರ್ಥವಿದೆ. ಕಳುಹಿಸಿದ ಹಣಕ್ಕೂ ಬಿಲ್ ಆಫ್ ಎಂಟ್ರಿಗೂ ನಾವು ಹೋಲಿಸುತ್ತಿದ್ದುದು ಮೌಲ್ಯವನ್ನು. ಅದು ಕೂಡಿಬಂದರೆ ಕಡತ ಮುಗಿಯುತ್ತದೆ.

ಕುಶಾಲನಗರದ ಲೆಕ್ಕಿಗರು

ನಾನು ಇದನ್ನು ಒಪ್ಪುವುದಿಲ್ಲ. ಮುಂದೆ ಇದೇ ಸೀಲ್ ತರಿಸಿದಾಗ ನಿಮ್ಮದೇ ಹಳೆಯ ದಾಖಲೆಯಲ್ಲಿ ಒಂದೂಕಾಲು ಸೆಂಟ್, ಹೊಸದರಲ್ಲಿ ಹನ್ನೆರಡೂವರೆ ಯೂರೋ ಎಂದಿರುತ್ತದೆ. ಕೇಳಿದವರಿಗೆ ಆಗ ಉತ್ತರ ಹೇಳಬೇಕಾದವರು ನೀವು, ಬ್ರೋಕರ್ ಅಲ್ಲ. ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ಸರಕು ಬಿಡುಗಡೆಯಾದ ಮೇಲೂ ತಿದ್ದುಪಡಿ ಕೋರಬಹುದು, ಆದರೆ ಬಿಡುಗಡೆಯ ವೇಳೆಗೆ ಅಸ್ತಿತ್ವದಲ್ಲಿದ್ದ ದಾಖಲೆಗಳೇ ಅದಕ್ಕೆ ಆಧಾರವಾಗಬೇಕು. ನಿಮ್ಮ ಖರೀದಿ ಆದೇಶದಲ್ಲಿ ಆರು ಎಂದಿದೆ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ತೂಕವಿದೆ. ಈಗ ಸರಬರಾಜುದಾರರಿಂದ ಹೊಸ ಪತ್ರ ಬರೆಸಿಕೊಂಡು ಅದನ್ನೇ ನೆಚ್ಚಿಕೊಳ್ಳಬೇಡಿ. ಅದರ ತಾರೀಖು ಬಿಡುಗಡೆಯ ನಂತರದ್ದಾಗಿರುತ್ತದೆ.

ಕೂಡಿಗೆಯ ಪ್ರಶ್ನಿಗರು

ಆದೇಶದ ಪ್ರತಿ ಇದೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಒಟ್ಟು ತೂಕ 31,500 ಕೆ.ಜಿ. ಎಂದಿದೆ. ಮೂರೂ ಸೇರಿ ಮೂವತ್ತೊಂದೂವರೆ ಕೆ.ಜಿ. ಎಂದು ಭಾವಿಸುತ್ತೇನೆ. ಬ್ರೋಕರ್ ಜೊತೆ ಇನ್ನೊಮ್ಮೆ ಮಾತನಾಡಿ, ಅವರು ಒಪ್ಪಿದರೋ ಇಲ್ಲವೋ ಇಲ್ಲಿಯೇ ತಿಳಿಸುತ್ತೇನೆ.