ಅಪ್‌ಡೇಟ್: ಹಲ್ಲಿನ ಕ್ಲಿನಿಕ್‌ನ ರೇಡಿಯೋ ಜಾಹೀರಾತು 30 ಸೆಕೆಂಡಿಗೆ ಇಳಿಯಿತು

ನಾನು ಕೇಳಿದ್ದು: ಕಂಕನಾಡಿಯ ನಮ್ಮ ಅಕ್ಕನ ಕ್ಲಿನಿಕ್‌ಗೆ ಬರೆದ ಸ್ಕ್ರಿಪ್ಟ್ ಓದಿದರೆ 47 ಸೆಕೆಂಡ್ ಆಗ್ತಿದೆ, ಹೇಗೆ ಇಳಿಸೋದು?

ಬೇಗ ಓದಿ ಅಂದವರ ಮಾತು ಮೊದಲು ಕೇಳಿದೆ. ಆಗಲಿಲ್ಲ. ಒತ್ತಕ್ಷರಗಳೆಲ್ಲ ಕಲಸಿಹೋದವು.

ಕೈಹಿಡಿದದ್ದು "ಒಂದೇ ತೊಂದರೆ ಹಿಡಿಯಿರಿ, ಸುಮಾರು 50 ಪದ ಸಾಕು" ಎಂಬ ಸಲಹೆ. ಕ್ಲಿಪ್, ಹುಳುಕು, ಹಲ್ಲುಸೆಟ್ಟು ಎಲ್ಲ ತೆಗೆದು, ಜುಂ ಅನ್ನುವ ಹಲ್ಲನ್ನು ಮಾತ್ರ ಇಟ್ಟುಕೊಂಡೆ. ಫೋನ್ ನಂಬರ್ ಎರಡು ಸಲ ಹೇಳುವುದಕ್ಕೇ 12 ಸೆಕೆಂಡ್ ಹೋಗ್ತಿತ್ತು! ಈಗ ಒಂದೇ ಸಲ, ಕೊನೆಯಲ್ಲಿ. ಅದಕ್ಕೂ ಮುಂಚೆ "ಕಂಕನಾಡಿ ಮಾರ್ಕೆಟ್ ಹತ್ತಿರ" ಅಂತ ಗುರುತು.

ಶುರು ಹೀಗಿದೆ:

(ಗ್ಲಾಸಿಗೆ ಚಮಚ ತಾಗುವ ಸದ್ದು)
ಹುಡುಗಿ: ಸ್ಸ್... ಅಮ್ಮಾ, ಹಲ್ಲು ಜುಂ ಅಂತು!
ಅಮ್ಮ: ಐಸ್‌ಕ್ರೀಮ್ ಬಿಡ್ಬೇಡ, ಹಲ್ಲು ತೋರಿಸು.

ಡ್ರಿಲ್ ಸದ್ದು ಹಾಕಿ ಅಂತಲೂ ಒಬ್ಬರು ಹೇಳಿದ್ದರು. ಹಾಕಿ ಕೇಳಿಸಿದೆ. ಚಿಕ್ಕಮ್ಮ ಕೆನ್ನೆ ಹಿಡಿದುಕೊಂಡು "ಬಂದ್ ಮಾಡು ಮಾರಾಯಾ" ಅಂದರು. ಕರೆಯಬೇಕಾದವರನ್ನೇ ಅದು ಓಡಿಸುತ್ತದೆ, ಅಲ್ವಾ?

ನಾನು ಯೋಚಿಸಿರದ ವಿಷಯ ಇನ್ನೊಂದು. "ಸ್ವಲ್ಪವೂ ನೋವಿಲ್ಲ" ಎಂಬ ಸಾಲನ್ನು ಅಕ್ಕನೇ ಹೊಡೆದುಹಾಕಿದಳು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ಸೋಂಕಾದ ಹಲ್ಲಿಗೆ ಕೆಲವೊಮ್ಮೆ ಅದು ಸರಿಯಾಗಿ ಹಿಡಿಯುವುದಿಲ್ಲವಂತೆ. ಆ ಜಾಗಕ್ಕೆ "ಮೊದಲು ನೋಡಿ, ಏನಾಗಿದೆ ಅಂತ ಹೇಳ್ತಾರೆ" ಅಂತ ಬರೆದೆ. ಈಗ ಸರಿಯಾಗಿ 29 ಸೆಕೆಂಡ್.