ಒಂದೇ ತಿದ್ದುಪಡಿಗೆ ಹಣವಿದ್ದರೆ ಯಾವುದನ್ನು ಮಾಡಿಸಬೇಕು?

ಕೇಳಿದವರು, ಶಿರಸಿ: ಸುಮಾರು 60,000 ಪದಗಳ ನನ್ನ ಮೊದಲ ಕಾದಂಬರಿ ಮುಗಿದಿದೆ. ಪ್ರಕಾಶಕರಿಗೆ ಕಳಿಸುವ ಮುನ್ನ, ಕಥೆಯ ಕಟ್ಟಡವನ್ನೇ ನೋಡುವ ಡೆವಲಪ್‌ಮೆಂಟಲ್ ಎಡಿಟ್, ವಾಕ್ಯ-ಕಾಗುಣಿತ ತಿದ್ದುವ ಕಾಪಿ ಎಡಿಟ್, ಪ್ರೂಫ್ ಈ ಮೂರರಲ್ಲಿ ಒಂದನ್ನು ಮಾತ್ರ ಹಣ ಕೊಟ್ಟು ಮಾಡಿಸಬಲ್ಲೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಲೇಖಕಿ, ತೀರ್ಥಹಳ್ಳಿ: ನಾನು ಮೊದಲು ಮಾಡಿಸಿದ್ದು ಕಾಪಿ ಎಡಿಟ್. ಕೆಲಸ ಚೆನ್ನಾಗಿಯೇ ಆಯಿತು. ನನ್ನ ಕಥೆಯ ಗೇಣಿದಾರ 1971ರಲ್ಲಿ, ತಾನು ಉಳುವ ಜಮೀನು ತನಗೇ ಆಗಬೇಕೆಂದು ಫಾರಂ ನಂಬರ್ 7 ತುಂಬಿ ಡಿಕ್ಲರೇಶನ್ ಹಾಕುತ್ತಿದ್ದ. ಭೂಸುಧಾರಣೆಯ ಆ ತಿದ್ದುಪಡಿ ಜಾರಿಗೆ ಬಂದದ್ದೇ 1974ರ ಮಾರ್ಚ್ 1ರಂದು ಎಂದು ಸಂಪಾದಕಿ ಅಂಚಿನಲ್ಲಿ ಬರೆದರು. ಮೂರು ವರ್ಷ ಮುಂದಕ್ಕೆ ಸರಿಸಿದಾಗ ಅವನ ಮಗಳ ಮದುವೆ, ಒಡೆಯರ ಮಗನ ಕಾಲೇಜು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕಾಯಿತು. ಆದರೆ 320 ಪುಟಗಳ ಆ ಪ್ರತಿಯನ್ನು ಓದಿದ ಪ್ರಕಾಶಕರು, ಡಿಕ್ಲರೇಶನ್ನಿನ ಜಗಳವೇ ನಿಮ್ಮ ಕಥೆಯಾಗಿರುವಾಗ ಅದು 96ನೆಯ ಪುಟದವರೆಗೆ ಏಕೆ ಕಾಯುತ್ತದೆ ಎಂದು ಕೇಳಿದರು. ಅದಕ್ಕಿಂತ ಮುಂಚಿನ 95 ಪುಟಗಳಲ್ಲಿ ಇದ್ದದ್ದು ಮನೆತನದ ವಂಶಾವಳಿ. ಅದನ್ನು 20 ಪುಟಕ್ಕೆ ಇಳಿಸಿದೆ. ಹೀಗೆ ಕಿತ್ತುಹಾಕಿದ 75 ಪುಟಗಳ ಅಲ್ಪವಿರಾಮಗಳನ್ನೂ ಹಣ ಕೊಟ್ಟು ಸರಿಪಡಿಸಿಕೊಂಡಿದ್ದೆ ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಓದುಗರೊಬ್ಬರು, ದಾವಣಗೆರೆ: ನನ್ನ ಪ್ರಕಾರ ಪ್ರೂಫ್ ನೋಡಿಸಿದರೆ ಸಾಕು. ಮಿಕ್ಕಿದ್ದೆಲ್ಲ ಪ್ರಕಾಶಕರ ಹೊಣೆ. ಮೊದಲ ಪುಟದಲ್ಲೇ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದರೆ ಯಾರೂ ಎರಡನೆಯ ಪುಟ ತಿರುವುವುದಿಲ್ಲ.

ಸಂಪಾದಕಿ, ಮೈಸೂರು: ಮೊದಲ ಪುಟದ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ನೀವು ಹೇಳುತ್ತಿರುವ ಕೆಲಸ ಕಾಪಿ ಎಡಿಟ್‌ನ ಒಂದು ಪಾಲು. ಪ್ರೂಫ್ ಎಂಬುದು ಪುಟವಿನ್ಯಾಸ ಆದ ಮೇಲಿನ ಮಾತು: ಬಿಟ್ಟುಹೋದ ಸಾಲು, ಎರಡು ಸಾರಿ ಬಂದ ಪ್ಯಾರಾ, ತಪ್ಪಿದ ಪುಟಸಂಖ್ಯೆ ಇವನ್ನೆಲ್ಲ ಹಿಡಿಯುವುದು ಆಗ. ಇನ್ನೂ ಪುಟವೇ ಕಟ್ಟದ ಪ್ರತಿಗೆ ಅದನ್ನು ಮಾಡಿಸಿದರೆ ಅಚ್ಚಿಗೆ ಹೋಗುವಾಗ ಮತ್ತೊಮ್ಮೆ ಮಾಡಲೇಬೇಕು. ಮಿಕ್ಕಿದ್ದು ಪ್ರಕಾಶಕರ ಹೊಣೆ ಎಂಬುದೂ ಎಲ್ಲ ಕಡೆ ನಿಜವಲ್ಲ. ಸಣ್ಣ ಪ್ರಕಾಶನಗಳಲ್ಲಿ ಅನೇಕ ವೇಳೆ ಬೇರೆ ಸಂಪಾದಕರೇ ಇರುವುದಿಲ್ಲ.

ಕೇಳಿದವರಿಗೆ ಒಂದು ಮಾತು. ಹಣ ಕೊಡುವ ಮುನ್ನ ಪ್ರತಿ ಅಧ್ಯಾಯಕ್ಕೆ ಒಂದೇ ವಾಕ್ಯದಂತೆ, ಅದರಲ್ಲಿ ಏನು ಬದಲಾಯಿತು ಎಂದು ಬರೆದು ನೋಡಿ. ‘ಅಜ್ಜನ ಪರಿಚಯ’, ‘ಊರಿನ ವರ್ಣನೆ’ ಎಂಬಂಥ ವಾಕ್ಯಗಳು ಸಾಲಾಗಿ ಮೂರು ನಾಲ್ಕು ಬಂದರೆ ತೊಂದರೆ ಕಟ್ಟಡದಲ್ಲಿಯೇ ಇದೆ, ಸುಣ್ಣಬಣ್ಣದಲ್ಲಿ ಅಲ್ಲ. ಆಮೇಲೆ ಮುಲಾಜಿಲ್ಲದ ಮೂವರಿಗೆ ಓದಲು ಕೊಟ್ಟು, ಚೆನ್ನಾಗಿದೆಯೇ ಎಂದು ಕೇಳದೆ, ಯಾವ ಪುಟದಲ್ಲಿ ಕೆಳಗಿಟ್ಟಿರಿ ಎಂದಷ್ಟೇ ಕೇಳಿ. ಇಬ್ಬರು ಒಂದೇ ಜಾಗ ತೋರಿಸಿದರೆ ಡೆವಲಪ್‌ಮೆಂಟಲ್ ಎಡಿಟ್‌ಗೆ ಹಣ ಹಾಕಿ. ಮೂವರೂ ಕೊನೆಯವರೆಗೆ ಓದಿ, ಹೆಸರು, ವಯಸ್ಸು, ವಾಕ್ಯಗಳ ಬಗ್ಗೆ ಮಾತ್ರ ದೂರಿದರೆ ಕಾಪಿ ಎಡಿಟ್ ಸಾಕು.

ಸಂಶೋಧಕ, ಕಲಬುರಗಿ: ನನ್ನ ಪಿಎಚ್.ಡಿ. ಪ್ರಬಂಧವನ್ನು ಪುಸ್ತಕ ಮಾಡುವಾಗ ನುಡಿ ತಂತ್ರಾಂಶದಲ್ಲಿದ್ದ ಕಡತವನ್ನು ಯುನಿಕೋಡ್‌ಗೆ ತಿರುಗಿಸಿದೆ. ನಡುನಡುವೆ ಇದ್ದ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾದವು. ಅಡಿಟಿಪ್ಪಣಿಗಳನ್ನು ಸರಿಪಡಿಸಲು ತಿಂಗಳೇ ಹಿಡಿಯಿತು. ಅಡಿಟಿಪ್ಪಣಿಗಳಿಗೆ ಬೇರೆ ದರ ಇರುತ್ತದೆಯೇ?

ಸಂಪಾದಕಿ, ಮೈಸೂರು: ಇಲ್ಲಿ ಕೇಳಿರುವುದು ಕಾದಂಬರಿಯ ವಿಷಯ. ಆದರೂ ನಿಮ್ಮ ಎಚ್ಚರಿಕೆ ಉಪಯುಕ್ತ: ಫಾಂಟ್ ಬದಲಾಯಿಸುವುದಿದ್ದರೆ ಕಾಪಿ ಎಡಿಟ್‌ಗೆ ಮುಂಚೆಯೇ ಬದಲಾಯಿಸಬೇಕು, ಇಲ್ಲವಾದರೆ ತಿದ್ದಿದ ಪ್ರತಿಯಲ್ಲಿ ಹೊಸ ತಪ್ಪುಗಳು ಹುಟ್ಟುತ್ತವೆ.

ಲೇಖಕ, ಕುಂದಾಪುರ: ಕಾಪಿ ಎಡಿಟ್ ಮಾಡಿಸುವವರು ಸಂಭಾಷಣೆಯ ವಿಷಯವನ್ನು ಮೊದಲೇ ಮಾತಾಡಿಕೊಳ್ಳಿ. ನನ್ನ ಕಥೆಯ ಬೆಸ್ತರು ಆಡುವ ಕುಂದಾಪ್ರ ಕನ್ನಡವನ್ನು ಒಬ್ಬರು ಪಠ್ಯಪುಸ್ತಕದ ಕನ್ನಡವಾಗಿ ತಿದ್ದಿ ಕೊಟ್ಟರು. ತಿದ್ದಿದ್ದನ್ನೆಲ್ಲ ಗುರುತು ಮಾಡಿ ತೋರಿಸುವ ಟ್ರ್ಯಾಕ್ ಚೇಂಜಸ್ ಹಾಕಿರಲಿಲ್ಲ. ಯಾವ ಪದ ಎಲ್ಲಿ ಮಾಯವಾಯಿತೆಂದು ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹುಡುಕಬೇಕಾಯಿತು.

ಕೇಳಿದವರು, ಶಿರಸಿ: ಒಂದು ವಾರ ಕೂತು 22 ಅಧ್ಯಾಯಗಳಿಗೆ ವಾಕ್ಯ ಬರೆದೆ. ಮೂರರಿಂದ ಆರನೆಯವರೆಗೆ ಏನೂ ಬದಲಾಗುವುದೇ ಇಲ್ಲ. ಓದಿದ ಅಕ್ಕನೂ ಸಹೋದ್ಯೋಗಿಯೂ ಐದರಲ್ಲಿ ನಿಲ್ಲಿಸಿದ್ದರು. ಮೂರನೆಯವರು ಮಾತ್ರ ಅದೇ ಭಾಗ ತಮಗೆ ಹೆಚ್ಚು ಹಿಡಿಸಿತು ಎಂದರು.

ಲೇಖಕಿ, ತೀರ್ಥಹಳ್ಳಿ: ಹಾಗಿದ್ದರೆ ಆ ಅಧ್ಯಾಯಗಳನ್ನು ಮೊದಲು ನೀವೇ ಕಡಿಮೆ ಮಾಡಿ ನೋಡಿ. ಪೂರ್ತಿ ಡೆವಲಪ್‌ಮೆಂಟಲ್ ಎಡಿಟ್ ಬದಲು, ಒಮ್ಮೆ ಓದಿ ನಾಲ್ಕೈದು ಪುಟದ ಅಭಿಪ್ರಾಯ ಮಾತ್ರ ಬರೆದುಕೊಡುವವರೂ ಇದ್ದಾರೆ, ಖರ್ಚು ಕಡಿಮೆ.

ಸಂಪಾದಕಿ, ಮೈಸೂರು: ಅದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಏನು ತಪ್ಪಿದೆ ಎಂದು ಆ ಪುಟಗಳು ಹೇಳುತ್ತವೆ, ಯಾವ ದೃಶ್ಯವನ್ನು ಎಲ್ಲಿಗೆ ಸರಿಸಬೇಕೆಂದು ಅನೇಕ ವೇಳೆ ಹೇಳುವುದಿಲ್ಲ. ಮೂರನೆಯ ಓದುಗರಿಗೆ ಆ ಭಾಗದಲ್ಲಿ ಹಿಡಿಸಿದ್ದು ಏನೆಂದು ಕೇಳಿದ ನಂತರವೇ ಕತ್ತರಿ ಹಾಕಿ.